ಕೆಂಪು ಶಾಯಿಯ ಇಪ್ಪತ್ತಾರು

ಪಿ.ಟಿ. ಮೇಷ್ಟ್ರಿಗೆ ಪಟ್ಟಿ ಮಾಡುವುದೆಂದರೆ ಪ್ರಾಣ. ಯಾವ ಚೆಂಡಿಗೆ ಗಾಳಿ ಕಮ್ಮಿಯಾಗಿದೆ, ಯಾವ ಬಲೆ ಹರಿದಿದೆ, ಯಾವ ಹುಡುಗ ಎಷ್ಟು ಸೆಕೆಂಡಿಗೆ ಓಡಿದ, ಎಲ್ಲಕ್ಕೂ ಅವರ ಹತ್ತಿರ ಒಂದೊಂದು ಪಟ್ಟಿ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಪಟ್ಟಿಯೂ ಕಳೆದದ್ದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಹಾಗಾಗಿ ಆ ವರ್ಷ ಮಕ್ಕಳ ಪ್ರಗತಿಪತ್ರದಲ್ಲಿ ‘ಬಿಎಂಐ’ ಎಂಬ ಹೊಸ ಕಲಂ ಸೇರಿಕೊಂಡು, ಅದನ್ನು ತುಂಬುವ ಕೆಲಸ ತಮ್ಮ ತಲೆಗೆ ಬಂದಾಗ ಬೇರೆ ಮೇಷ್ಟ್ರುಗಳ ಹಾಗೆ ಅವರು ಗೊಣಗಲಿಲ್ಲ. ಬದಲಿಗೆ ಮೂರು ಬಣ್ಣದ ಪೆನ್ನು ಕೊಂಡು ತಂದರು.

ಎಂಟನೇ ತರಗತಿಯ ಮೂವತ್ತೆಂಟು ಮಕ್ಕಳನ್ನು ಆಟದ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೇ ಬೂಟು ಬಿಚ್ಚಿ ತೂಕದ ಯಂತ್ರದ ಮೇಲೆ ಹತ್ತಬೇಕು, ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಮೇಷ್ಟ್ರು ತೂಕ ಕೂಗುತ್ತಿದ್ದರು, ಎತ್ತರ ಕೂಗುತ್ತಿದ್ದರು, ಕ್ಲಾಸ್ ಲೀಡರ್ ಬರೆದುಕೊಳ್ಳುತ್ತಿದ್ದ. ಸಾಲಿನ ಹಿಂದಿನವರು ಪ್ರತಿ ಅಂಕಿಗೂ ‘ಓಹೋ’ ಎನ್ನುತ್ತಿದ್ದರು. ಮೇಷ್ಟ್ರಿಗೆ ಅದೂ ಒಂದು ಉತ್ಸಾಹವೆಂದೇ ಕಂಡಿತು.

ಆ ದಿನ ಸಂಜೆ ಕ್ಯಾಲ್ಕುಲೇಟರ್ ಹಿಡಿದು ಕೂತರು. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು, ಅಷ್ಟೇ. ಬಂದ ಅಂಕಿಯನ್ನು ಎಲ್ಲೋ ಮುದ್ರಿಸಿದ್ದ ಒಂದು ಕಾಗದದ ಜೊತೆ ಹೋಲಿಸಿದರು: ಹದಿನೆಂಟೂವರೆಗಿಂತ ಕೆಳಗಿದ್ದರೆ ನೀಲಿ, ಇಪ್ಪತ್ತೈದರವರೆಗೆ ಹಸಿರು, ಅದರ ಮೇಲೆ ಕೆಂಪು. ಬೆಳಗಾಗುವ ಹೊತ್ತಿಗೆ ಹಾಲ್‌ನ ಬಾಗಿಲ ಪಕ್ಕದ ನೋಟಿಸ್ ಬೋರ್ಡಿನ ಮೇಲೆ ಪಟ್ಟಿ ಮಿರಮಿರ ಮಿನುಗುತ್ತಿತ್ತು. ಕೆಂಪು ಶಾಯಿಯಲ್ಲಿ ಮೂರೇ ಮೂರು ಹೆಸರು. ಮೊದಲನೆಯದು, 25.8 ಎಂಬ ಅಂಕಿಯ ಪಕ್ಕದಲ್ಲಿ, ಶಾಲೆಯವರೆಲ್ಲ ‘ಗುಡುಗು’ ಎಂದು ಕರೆಯುತ್ತಿದ್ದ ಹುಡುಗಿಯದು.

ಗುಡುಗು ಗುಂಡು ಎಸೆಯುವವಳು. ಎಸೆಯುವಾಗ ಹೊಟ್ಟೆಯಾಳದಿಂದ ಒಂದು ಕೂಗು ಹಾಕುತ್ತಿದ್ದಳು, ಮೈದಾನದ ಆಚೆಯ ಕಟ್ಟಡದಲ್ಲಿ ಪಾಠ ಮಾಡುವವರೂ ಒಂದು ಕ್ಷಣ ನಿಲ್ಲಿಸಬೇಕು, ಅಂಥ ಕೂಗು. ಹೆಸರು ಬಂದದ್ದು ಅದರಿಂದ. ವಯಸ್ಸು ಹದಿನಾಲ್ಕು, ಅಗಲ ಭುಜ, ದಪ್ಪ ತೊಡೆ, ಹೋದ ವರ್ಷ ಜಿಲ್ಲಾ ಕೂಟದಲ್ಲಿ ಎರಡನೇ ಸ್ಥಾನ. ಅವಳ ಮೇಲೆ ಮೇಷ್ಟ್ರಿಗೆ ಬಹಳ ಆಸೆ ಇತ್ತು. ಆ ಕೆಂಪು ಅಂಕಿಯನ್ನು ಬರೆಯುವಾಗಲೂ ಅವರಿಗೆ ಕೆಟ್ಟದೇನೂ ಮನಸ್ಸಿನಲ್ಲಿರಲಿಲ್ಲ. ಅಂಕಿ ಅಂಕಿಯೇ, ಅದರಲ್ಲಿ ನನ್ನದೇನಿದೆ ಎಂಬುದು ಅವರ ಲೆಕ್ಕಾಚಾರ.

ಪಟ್ಟಿಯ ಹಸಿರು ಭಾಗದಲ್ಲಿ ಇನ್ನೊಬ್ಬಳಿದ್ದಳು. ಓಟದ ಹುಡುಗಿ, ಎಲ್ಲರಿಗೂ ‘ಪಾದರಸ’. ಒಂದೂವರೆ ತಿಂಗಳಿಂದ ಅವಳ ಮುಖದ ಮೂಳೆ ಚೂಪಾಗಿ, ಕಾಲು ನೀಳವಾಗಿ ಕಾಣುತ್ತಿತ್ತು. ಮೇಷ್ಟ್ರು ಅವಳನ್ನು ತರಗತಿಯ ಮುಂದೆ ನಿಲ್ಲಿಸಿ, “ನೋಡಿ, ಕ್ರೀಡಾಪಟು ಅಂದ್ರೆ ಹೀಗಿರಬೇಕು. ಹದಿನೆಂಟೂವರೆ, ಗೆರೆ ಎಳೆದ ಹಾಗಿದೆ” ಎಂದರು. ಪಾದರಸ ತಲೆ ತಗ್ಗಿಸಿ ನಕ್ಕಳು. ಎರಡೇ ನಿಮಿಷಕ್ಕೆ, “ಸರ್, ಟಾಯ್ಲೆಟ್‌ಗೆ ಹೋಗಿ ಬರ್ಲಾ?” ಎಂದಳು.

“ಈಗ ತಾನೇ ಹೋಗಿದ್ಯಲ್ಲಮ್ಮ! ಆ ಎರಡು ಲೀಟರ್ ಬಾಟ್ಲಿ ಕೆಳಗಿಡು, ಅರ್ಧ ಓಟ ಅಲ್ಲೇ ಮುಗಿದು ಹೋಗ್ತಿದೆ ನಿಂದು.”

ತರಗತಿ ನಕ್ಕಿತು, ಮೇಷ್ಟ್ರೂ ನಕ್ಕರು.

ಮೂರನೆಯ ದಿನಕ್ಕೆ ಗುಡುಗಿನ ಹೆಸರು ಬದಲಾಯಿತು. ಹಿಂದಿನ ಬೆಂಚಿನವರು ಅಂಕಿಯನ್ನು ಪೂರ್ಣಸಂಖ್ಯೆ ಮಾಡಿ ‘ಇಪ್ಪತ್ತಾರು’ ಎಂದು ಇಟ್ಟರು. “ಏ ಇಪ್ಪತ್ತಾರು, ಪೆನ್ಸಿಲ್ ಕೊಡೇ.” “ಇಪ್ಪತ್ತಾರು ಬಂತು, ಬೆಂಚ್ ಗಟ್ಟಿ ಹಿಡ್ಕೊಳ್ರೋ.” ಮೇಷ್ಟ್ರ ಕಿವಿಗೂ ಇದು ಒಂದೆರಡು ಸಲ ಬಿದ್ದಿತ್ತು. ಜೆರ್ಸಿ ಸಂಖ್ಯೆ ಇರಬೇಕು ಎಂದುಕೊಂಡು ಸುಮ್ಮನಾಗಿದ್ದರು.

ಮುಂದಿನ ವಾರದ ಅಭ್ಯಾಸದಲ್ಲಿ ಗುಡುಗು ಗುಂಡನ್ನು ಕತ್ತಿನ ಪಕ್ಕಕ್ಕೆ ಎತ್ತಿ ಹಿಡಿದವಳು ಎಸೆಯಲೇ ಇಲ್ಲ. ಗುಂಡು ಕೈಯಿಂದ ಜಾರಿ ದಪ್ಪೆಂದು ನೆಲಕ್ಕೆ ಬಿತ್ತು, ಅವಳೂ ಪಕ್ಕದಲ್ಲೇ ಕುಕ್ಕರಿಸಿದಳು. ಕೈ ನಡುಗುತ್ತಿತ್ತು, ತುಟಿ ಬಿಳಿಚಿತ್ತು. ಮೇಷ್ಟ್ರು ಓಡಿ ಹೋಗಿ ನೆರಳಿಗೆ ಕೂರಿಸಿ, ಸಕ್ಕರೆ ನೀರು ಕುಡಿಸಿದರು.

“ಬೆಳಿಗ್ಗೆ ಏನು ತಿಂದೆ?”

“ತಿಂದೆ ಸರ್.”

“ಏನು ತಿಂದೆ ಅಂತ ಕೇಳ್ದೆ.”

ಅವಳು ಲೋಟ ಕೆಳಗಿಟ್ಟು ಬೂಟಿನ ದಾರ ಕಟ್ಟತೊಡಗಿದಳು. ಮಾರನೆಯ ದಿನ ಉತ್ತರ ತಂದವರು ಅವಳ ತಾಯಿ.

ತಾಯಿ ಬಸ್ಸಿನ ಕಂಡಕ್ಟರ್. ಡ್ಯೂಟಿ ಬಟ್ಟೆಯಲ್ಲೇ, ಟಿಕೆಟ್ ಯಂತ್ರ ಹೆಗಲಿಗೆ ನೇತು ಹಾಕಿಕೊಂಡೇ ಬಂದಿದ್ದರು. ದಿನವಿಡೀ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ಗಟ್ಟಿಯಾದ ಹೆಂಗಸು. ಆದರೆ ಆ ಹೊತ್ತು ದನಿ ಏರಿಸಲಿಲ್ಲ, ಅದರಿಂದಲೇ ಮೇಷ್ಟ್ರಿಗೆ ಹೆಚ್ಚು ಭಯವಾಯಿತು.

“ಎಂಟು ದಿನದಿಂದ ಡಬ್ಬಿಯನ್ನ ಬಸ್‌ಸ್ಟಾಪಿನ ನಾಯಿಗೆ ಹಾಕ್ತಿದ್ದಾಳೆ ಸರ್. ನಿನ್ನೆ ನಮ್ಮ ಅತ್ತೆ ನೋಡಿದ್ರು. ಕೇಳಿದ್ರೆ, ‘ಅಮ್ಮ, ನಾನು ಕೆಂಪು’ ಅಂತಾಳೆ. ಏನು ಸರ್ ಇದು ಕೆಂಪು?”

“ಅದು ಆರೋಗ್ಯದ ಲೆಕ್ಕ ಅಮ್ಮ. ನಾನೇನೂ ಬೈದಿಲ್ಲ. ಸರ್ಕಾರಿ ಕಾಗದದಲ್ಲಿ ಇದ್ದದ್ದನ್ನ ಬರೆದಿದ್ದೀನಿ.”

“ಬರೆದು ಗೋಡೆಗೆ ಅಂಟಿಸಿದ್ರಂತೆ.”

ತಾಯಿ ಕೈಗಡಿಯಾರ ನೋಡಿಕೊಂಡರು. “ಹನ್ನೊಂದೂ ಇಪ್ಪತ್ತಕ್ಕೆ ನನ್ನ ಗಾಡಿ ಹೊರಡುತ್ತೆ. ನನ್ನ ಮಗಳಿಗೆ ಕಾಯಿಲೆ ಇದ್ರೆ ಇದೆ ಅಂತ ಹೇಳಿ, ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಇಲ್ಲ ಅಂದ್ರೆ ಇಲ್ಲ ಅಂತ ಅವಳಿಗೆ ನೀವೇ ಹೇಳಿ. ನನ್ನ ಮಾತನ್ನ ಅವಳು ನಂಬಲ್ಲ. ಅಮ್ಮ ಅಂದ್ಮೇಲೆ ಚೆನ್ನಾಗಿದ್ದೀಯ ಅಂತಲೇ ಹೇಳ್ತಾರೆ ಅಂತಾಳೆ.”

ಅವರು ಹೋದ ಮೇಲೆ ಮೇಷ್ಟ್ರು ನೋಟಿಸ್ ಬೋರ್ಡಿನಿಂದ ಪಟ್ಟಿಯನ್ನು ಕಿತ್ತು, ಮಡಚಿ, ಶಾಲೆಯ ನರ್ಸ್ ಕೋಣೆಗೆ ಹೋದರು. ನಿಜ ಹೇಳಬೇಕೆಂದರೆ ತಪ್ಪು ಒಪ್ಪಿಕೊಳ್ಳಲು ಹೋದದ್ದಲ್ಲ. ಲೆಕ್ಕ ಸರಿಯಿದೆ ಎಂದು ಯಾರಾದರೂ ತಿಳಿದವರು ಹೇಳಲಿ, ಮನಸ್ಸು ಹಗುರವಾಗಲಿ ಎಂದು ಹೋದದ್ದು.

ನರ್ಸಿಗೆ ಐವತ್ತೆಂಟು. ಎಲ್ಲರೂ ‘ಸಿಸ್ಟರ್’ ಎನ್ನುತ್ತಿದ್ದರು, ಹೆಡ್ ಮೇಡಂ ಕೂಡ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ: ಒಂದು ಮಂಚ, ಒಂದು ಪರದೆ, ಒಂದು ಸಿಂಕು, ಕಪಾಟಿನ ತುಂಬ ಉದ್ದನೆಯ ರಿಜಿಸ್ಟರುಗಳು. ಒಂದನೇ ತರಗತಿಗೆ ಸೇರಿದ ಪ್ರತಿ ಮಗುವಿನ ಎತ್ತರ ತೂಕವನ್ನು ವರ್ಷವರ್ಷ ಅದರಲ್ಲಿ ಬರೆದಿಟ್ಟಿದ್ದರು. ಪ್ರಗತಿಪತ್ರದ ಕಲಂ ಬಂದಾಗ ಅವರನ್ನು ಯಾರೂ ಕೇಳಿರಲಿಲ್ಲ. ಅವರು ಆಗ ರಜೆಯಲ್ಲಿದ್ದರು.

ಸಿಸ್ಟರ್ ಪಟ್ಟಿ ಬಿಚ್ಚಿ ಕನ್ನಡಕ ಸರಿಮಾಡಿಕೊಂಡರು. ಮೊದಲು ಕೆಂಪಿನತ್ತ ಅಲ್ಲ, ನೀಲಿಯತ್ತ ನೋಡಿದರು. ಬೆರಳಿಟ್ಟು ಎಣಿಸಿದರು.

“ಹದಿನೇಳು ಜನ ನೀಲಿ! ಏನು ಮೇಷ್ಟ್ರೆ, ನಮ್ಮ ಎಂಟನೇ ಕ್ಲಾಸಿಗೆ ಮಾತ್ರ ಬರ ಬಂದಿದೆಯಾ?”

“ಅಂಕಿ ಹಾಗೇ ಬಂತು ಸಿಸ್ಟರ್.”

“ಅಂಕಿ ಸರಿ. ಗೆರೆ ಯಾರದ್ದು? ಈ ಹದಿನೆಂಟೂವರೆ, ಇಪ್ಪತ್ತೈದು ದೊಡ್ಡವರ ಗೆರೆ. ಬೆಳೆದು ನಿಂತವರಿಗೆ. ಹದಿಮೂರು ವರ್ಷದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಜನ ಹದಿನೆಂಟೂವರೆಗಿಂತ ಕೆಳಗೇ ಇರ್ತಾರೆ, ಅದು ಅವರ ವಯಸ್ಸು. ಅಪ್ಪನ ಪ್ಯಾಂಟು ಮಗನಿಗೆ ಹಾಕಿ ನೋಡಿ, ಹುಡುಗ ಸೊರಗಿದ್ದಾನೆ ಅಂದ ಹಾಗಾಯ್ತು.”

ಕಪಾಟಿನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಒಂದು ಹುಡುಗರದು, ಒಂದು ಹುಡುಗಿಯರದು. ಹಾಳೆಯ ತುಂಬ ಬಿಲ್ಲಿನ ಹಾಗೆ ಬಾಗಿ ಮೇಲೇರುವ ಗೆರೆಗಳು. ಕೆಳಗೆ ವಯಸ್ಸು, ಪಕ್ಕದಲ್ಲಿ ಬಿಎಂಐ. “ಅದೇ ವಯಸ್ಸಿನ, ಅದೇ ಲಿಂಗದ ನೂರು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರೆ ಈ ಮಗು ಎಷ್ಟನೇ ಜಾಗ ಅಂತ ಹೇಳೋ ಗೆರೆಗಳು ಇವು. ಐದಕ್ಕಿಂತ ಕೆಳಗೆ, ಎಂಬತ್ತೈದಕ್ಕಿಂತ ಮೇಲೆ ಹೋದ್ರೆ ಸ್ವಲ್ಪ ನಿಂತು ನೋಡು ಅಂತ ಅರ್ಥ. ರೋಗ ಇದೆ ಅಂತಲ್ಲ.”

“ಹಾಗಾದ್ರೆ ಗುಡುಗು?”

ಸಿಸ್ಟರ್ ರಿಜಿಸ್ಟರ್ ತೆಗೆದು, ಹುಡುಗಿಯರ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತ ಹೋದರು. ಹನ್ನೊಂದು ವರ್ಷ, ಹನ್ನೆರಡು, ಹದಿಮೂರು, ಈಗ ಹದಿನಾಲ್ಕು. ನಾಲ್ಕೂ ಚುಕ್ಕೆ ಎಂಬತ್ತೈದರ ಗೆರೆಯ ಮೇಲೆ, ತೊಂಬತ್ತೈದರ ಕೆಳಗೆ, ಅಕ್ಕಪಕ್ಕದ ಗೆರೆಗಳ ಜೊತೆಜೊತೆಗೇ ಏರಿದ್ದವು.

“ಸುಳ್ಳು ಹೇಳಲ್ಲ ಮೇಷ್ಟ್ರೆ, ಈ ಹಾಳೆಯಲ್ಲೂ ಅವಳು ಮೇಲಿನ ಭಾಗದಲ್ಲೇ ಇದ್ದಾಳೆ. ಆದ್ರೆ ನಾಲ್ಕು ವರ್ಷದಿಂದ ಒಂದೇ ದಾರಿ. ಎಲ್ಲೂ ಎಗರಿಲ್ಲ. ಆ ತೂಕದಲ್ಲಿ ಸ್ನಾಯು ಎಷ್ಟು, ಮೂಳೆ ಎಷ್ಟು, ಕೊಬ್ಬು ಎಷ್ಟು ಅಂತ ಈ ಅಂಕಿಗೆ ಗೊತ್ತಿಲ್ಲ. ವಾರಕ್ಕೆ ಐದು ದಿನ ಗುಂಡು ಎಸೆಯೋ ಹುಡುಗಿ. ಉಸಿರು ಕಟ್ಟುತ್ತಾ, ಮಂಡಿ ನೋಯುತ್ತಾ, ಮುಟ್ಟು ಸರಿಯಾಗಿದೆಯಾ, ನಿದ್ದೆ ಹೇಗೆ, ಮನೇಲಿ ಸಕ್ಕರೆ ಕಾಯಿಲೆ, ಬಿಪಿ ಇದೆಯಾ, ಇದನ್ನೆಲ್ಲ ಕೇಳದೆ ಒಂದು ಮಾತೂ ಹೇಳೋಕಾಗಲ್ಲ. ಕೇಳೋದು ನಾನು, ಇಲ್ಲ ಡಾಕ್ಟರು. ಬಾಗಿಲು ಹಾಕಿಕೊಂಡು.”

ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಒಟ್ಟಿನಲ್ಲಿ ಈ ಅಂಕಿಗೆ ಬೆಲೆಯೇ ಇಲ್ಲ ಅನ್ನಿ.”

“ಹಾಗೆ ಯಾರು ಅಂದ್ರು? ಎದ್ದು ನಿಲ್ಲಿ.” ಸಿಸ್ಟರ್ ಅವರನ್ನೇ ತೂಕದ ಯಂತ್ರದ ಮೇಲೆ ಹತ್ತಿಸಿದರು. ಅರವತ್ತೊಂಬತ್ತು ಕಿಲೋ, ಒಂದು ಮೀಟರ್ ಅರವತ್ತೆಂಟು. “ಇಪ್ಪತ್ತನಾಲ್ಕು ಚಿಲ್ಲರೆ. ನಿಮ್ಮ ಪೆನ್ನಿನಲ್ಲಿ ಹಸಿರು. ಈಗ ಕೈ ಎತ್ತಿ.” ಟೇಪು ಸೊಂಟದ ಸುತ್ತ ಬಂತು. “ತೊಂಬತ್ತೇಳು. ಎತ್ತರದ ಅರ್ಧಕ್ಕಿಂತ ಸೊಂಟ ದಾಟಬಾರದು ಅಂತ ಲೆಕ್ಕ. ನಿಮ್ಮದು ಹದಿಮೂರು ಸೆಂಟಿಮೀಟರ್ ದಾಟಿದೆ. ಕಡ್ಡಿ ಕೈಕಾಲು, ಕೊಬ್ಬೆಲ್ಲ ಹೊಟ್ಟೆಯಲ್ಲಿ. ಎಲ್ಲಿದೆ ಅನ್ನೋದೂ ಅಂಕಿಗೆ ಗೊತ್ತಿಲ್ಲ. ಇದನ್ನ ಬರೆದು ಗೋಡೆಗೆ ಅಂಟಿಸ್ಲಾ?”

ಮೇಷ್ಟ್ರ ಕಿವಿ ಬಿಸಿಯಾಯಿತು. ಗೊತ್ತಿಲ್ಲದೆಯೇ ಹೊಟ್ಟೆ ಒಳಗೆಳೆದುಕೊಂಡಿದ್ದರು. ಕೋಣೆಯಲ್ಲಿ ಇಬ್ಬರೇ ಇದ್ದರೂ ಬಾಗಿಲ ಕಡೆ ನೋಡಿದರು. ಮೂವತ್ತೇಳು ಜನರ ಎದುರಿಗೆ ಆ ಹುಡುಗಿ ಹೇಗೆ ಕೆಳಗಿಳಿದಿರಬೇಕು ಎಂಬುದು ಆಗ ಅವರ ತಲೆಗೆ ಹೋಯಿತು.

“ಕೂತ್ಕೊಳ್ಳಿ, ಉಳಿದವರದ್ದೂ ಚುಕ್ಕೆ ಇಟ್ಟು ಬಿಡೋಣ. ಮಾಡಿದ ಅಳತೆ ದಂಡವಾಗಬಾರದು” ಎಂದರು ಸಿಸ್ಟರ್.

ಸಿಸ್ಟರ್ ಹಳೆಯ ಅಂಕಿ ಓದಿದರು, ಮೇಷ್ಟ್ರು ಹೊಸದು ಓದಿದರು. ಹದಿನೇಳು ನೀಲಿಗಳಲ್ಲಿ ಇಬ್ಬರು ಮಾತ್ರ ಉಳಿದರು. ಅವರಲ್ಲಿ ಒಬ್ಬನ ಮನೆಯವರೆಲ್ಲ ಹಂಚಿಕಡ್ಡಿಗಳೇ, ಹುಟ್ಟಿನಿಂದ ಅದೇ ಗೆರೆಯಲ್ಲಿದ್ದ. ಇನ್ನೊಬ್ಬಳ ಮನೆಗೆ ಫೋನ್ ಮಾಡಬೇಕೆಂದು ಸಿಸ್ಟರ್ ಗುರುತು ಹಾಕಿಕೊಂಡರು. ಇಪ್ಪತ್ತೊಂಬತ್ತನೆಯ ಹೆಸರು ಪಾದರಸ.

“ಹೋದ ವರ್ಷ ನೂರೈವತ್ತು ಸೆಂಟಿಮೀಟರ್, ನಲವತ್ತೇಳು ಕಿಲೋ” ಎಂದರು ಸಿಸ್ಟರ್.

“ಈ ವರ್ಷ ನೂರೈವತ್ನಾಲ್ಕು. ನಲವತ್ನಾಲ್ಕು.”

ಸಿಸ್ಟರ್ ಪೆನ್ಸಿಲ್ ನಿಂತಿತು. “ಇನ್ನೊಂದು ಸಲ ಓದಿ.”

ಮೇಷ್ಟ್ರು ಓದಿದರು.

“ನಾಲ್ಕು ಸೆಂಟಿಮೀಟರ್ ಬೆಳೆದ ಹುಡುಗಿ ಮೂರು ಕಿಲೋ ಇಳಿದಿದ್ದಾಳೆ. ಈ ವಯಸ್ಸಿನಲ್ಲಿ ನಾಲ್ಕೈದು ಕಿಲೋ ಏರಬೇಕಿತ್ತು.” ಹಾಳೆಯ ಮೇಲೆ ಚುಕ್ಕೆ ಎಪ್ಪತ್ತೈದರ ಆಸುಪಾಸಿನಿಂದ ಐವತ್ತಕ್ಕಿಂತ ಕೆಳಗೆ ಜಾರಿತ್ತು. ದೊಡ್ಡವರ ಗೆರೆಯಲ್ಲೂ ಹಸಿರು, ಮಕ್ಕಳ ಗೆರೆಯಲ್ಲೂ ಹಸಿರು. ಒಂದೇ ವರ್ಷದ ಅಂಕಿ ನೋಡಿದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. “ಹುಡುಗಿ ಹೇಗಿದ್ದಾಳೆ ಮೇಷ್ಟ್ರೆ? ತಿನ್ನೋದು ಬಿಟ್ಟಿದ್ದಾಳಾ?”

“ಇಲ್ಲ, ಚೆನ್ನಾಗಿ ತಿಂತಾಳೆ. ಬೇರೆಯವರ ಡಬ್ಬಿಗೂ ಕೈ ಹಾಕ್ತಾಳೆ. ಸ್ವಲ್ಪ ಸುಸ್ತು ಅಂತಿರ್ತಾಳೆ. ಆಮೇಲೆ ಯಾವಾಗ ನೋಡಿದ್ರೂ ನೀರು, ಟಾಯ್ಲೆಟ್ಟು...” ಮೇಷ್ಟ್ರ ಮಾತು ಅರ್ಧಕ್ಕೇ ನಿಂತಿತು. ಸಿಸ್ಟರ್ ಆಗಲೇ ಎದ್ದು ಡ್ರಾಯರ್ ತೆಗೆದಿದ್ದರು.

ಪಾದರಸಳ ಅಪ್ಪನಿಗೆ ಫೋನ್ ಮಾಡಿ, ಬೆರಳಿಗೆ ಚುಚ್ಚಿ ಸಕ್ಕರೆ ನೋಡಲು ಒಪ್ಪಿಗೆ ಕೇಳಿದರು. ಹುಡುಗಿಯನ್ನು ಗಣಿತದ ತರಗತಿಯಿಂದ ಕರೆಸಿದರು. ಅವಳು ಬಾಟಲಿ ಸಮೇತ ಬಂದು, “ನಾನೇನು ಮಾಡ್ದೆ ಸಿಸ್ಟರ್?” ಎಂದಳು. ಹನಿ ರಕ್ತ ಸಕ್ಕರೆ ನೋಡುವ ಸ್ಟ್ರಿಪ್‌ನ ಮೇಲೆ ಕೂತಿತು, ಯಂತ್ರ ಐದು ಸೆಕೆಂಡು ಎಣಿಸಿ ನಾನೂರ ಹನ್ನೆರಡು ತೋರಿಸಿತು. ಸಾಮಾನ್ಯವಾಗಿ ಊಟವಾದ ಮೇಲೂ ನೂರ ನಲವತ್ತು ದಾಟಬಾರದ ಅಂಕಿ.

ಸಿಸ್ಟರ್ ಮುಖದಲ್ಲಿ ಏನೂ ತೋರಗೊಡಲಿಲ್ಲ. ಹುಡುಗಿಗೆ, “ನಿನ್ನ ತಪ್ಪೇನೂ ಇಲ್ಲ ಪುಟ್ಟಿ. ನಿನ್ನ ಮೈಗೆ ಒಂದು ಔಷಧಿ ಬೇಕಾಗಿದೆ ಅನ್ಸುತ್ತೆ, ಅದಕ್ಕೇ ಇಷ್ಟು ಬಾಯಾರಿಕೆ. ಅಪ್ಪ ಆಸ್ಪತ್ರೆಗೆ ನೇರ ಬರ್ತಾರೆ, ನಾವೂ ಹೋಗೋಣ” ಎಂದರು. ಹೊರಗೆ ಬಂದು ಮೇಷ್ಟ್ರಿಗೆ ಮಾತ್ರ ತಗ್ಗಿದ ದನಿಯಲ್ಲಿ, “ನಾಳೆ ಅಂತ ಬಿಡೋ ಹಾಗಿಲ್ಲ. ಈಗಲೇ. ಗಾಡಿ ತೆಗೀರಿ” ಎಂದರು.

ಮೇಷ್ಟ್ರು ತಮ್ಮ ಹಳೆಯ ಕಾರು ತೆಗೆದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಪಾದರಸ ನೀರು ಕುಡಿಯುವ ಗುಟುಕು ಗುಟುಕು ಸದ್ದು. ಒಮ್ಮೆ ಅವಳು, “ಸರ್, ಎಲ್ಲಾದ್ರೂ ನಿಲ್ಲಿಸ್ತೀರಾ? ಟಾಯ್ಲೆಟ್...” ಎಂದು ಹೆದರಿ ಹೆದರಿ ಕೇಳಿದಳು. ಮೇಷ್ಟ್ರು ತಕ್ಷಣ ಪೆಟ್ರೋಲ್ ಬಂಕಿಗೆ ತಿರುಗಿಸಿ, ಅವಳು ಬರುವವರೆಗೆ ಕಾರಿನ ಬಾಗಿಲು ಹಿಡಿದು ನಿಂತರು.

ಒಂದನೇ ಬಗೆಯ ಸಕ್ಕರೆ ಕಾಯಿಲೆ ಎಂದರು ಆಸ್ಪತ್ರೆಯವರು. ಮೈ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸುತ್ತ ಬಂದಿತ್ತು, ತಿಂದದ್ದು ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತಿತ್ತು. ಅವಳು ತಿಂದದ್ದರಿಂದಲೋ ತಿನ್ನದೇ ಇದ್ದದ್ದರಿಂದಲೋ ಬಂದದ್ದಲ್ಲ. ಇನ್ನೊಂದು ವಾರ ತಡವಾಗಿದ್ದರೆ ಪ್ರಜ್ಞೆ ತಪ್ಪಿ ಬರಬೇಕಾಗುತ್ತಿತ್ತೇನೋ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅಪ್ಪ ಬಡಗಿ. ಮೈಮೇಲಿನ ಮರದ ಹೊಟ್ಟನ್ನೂ ಕೊಡವಿಕೊಳ್ಳದೆ ಬಂದಿದ್ದವರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, “ನೀವು ತೂಕ ನೋಡಿದ್ದಕ್ಕೆ ಗೊತ್ತಾಯ್ತು ಸರ್” ಎಂದರು. ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. “ನಾನಲ್ಲ, ಸಿಸ್ಟರ್” ಎಂದರು. ಅಪ್ಪ ಅದನ್ನು ವಿನಯವೆಂದುಕೊಂಡು ಇನ್ನೂ ಗಟ್ಟಿಯಾಗಿ ಕೈ ಹಿಡಿದರು.

ಮಾರನೆಯ ದಿನ ಮೇಷ್ಟ್ರು ಹೆಡ್ ಮೇಡಂ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದರು. ಮುಚ್ಚಿಡಲಿಲ್ಲ, ಕೂಗಿ ತೂಕ ಹೇಳಿದ್ದನ್ನೂ ಸೇರಿಸಿ ಹೇಳಿದರು. ಮೇಡಂ, “ಕಲಂ ಖಾಲಿ ಬಿಡೋ ಹಾಗಿಲ್ಲ ಮೇಷ್ಟ್ರೆ, ಮೇಲಿನವರು ಕೇಳ್ತಾರೆ” ಎಂದರು. ಪಕ್ಕದಲ್ಲಿದ್ದ ಸಿಸ್ಟರ್, “ಮೇಲಿನವರಿಗೆ ಬೇಕಾದದ್ದು ಶಾಲೆಯ ಒಟ್ಟು ಅಂಕಿ. ಎಷ್ಟು ಮಕ್ಕಳು ಯಾವ ಭಾಗದಲ್ಲಿದ್ದಾರೆ ಅಂತ ಹೆಸರಿಲ್ಲದೆ ಕೊಡೋಣ. ಅದಕ್ಕೆ ಈ ಲೆಕ್ಕ ಬಹಳ ಚೆನ್ನಾಗಿ ಆಗುತ್ತೆ. ಮಗುವಿನ ಪತ್ರದಲ್ಲಿ ‘ಅಳತೆ ಆಗಿದೆ’ ಅಂತ ಬರೀರಿ. ಹೇಳಬೇಕಾದ್ದು ಇದ್ರೆ ಮನೆಯವರಿಗೆ ನಾನೇ ಬೇರೆ ಹೇಳ್ತೀನಿ” ಎಂದರು. ಮೇಡಂ ಒಪ್ಪಿದರು, ಲಿಖಿತದಲ್ಲಿ ಕೊಡಿ ಎಂದರು.

ಎಂಟನೇ ತರಗತಿಗೆ ಇದನ್ನು ವಿವರಿಸುವ ಕೆಲಸ ಉಳಿಯಿತು. ಸಿಸ್ಟರ್ ಮೊದಲೇ ತಾಕೀತು ಮಾಡಿದರು: “ಯಾವ ಮಗುವಿನ ಮೈಯನ್ನೂ ಉದಾಹರಣೆ ಮಾಡಬೇಡಿ. ಹೊಗಳೋಕೂ ಬೇಡ. ಒಬ್ಬಳನ್ನ ತೆಳ್ಳಗಿದ್ದೀಯ ಅಂತ ಹೊಗಳಿದ್ರೆ ಪಕ್ಕದವಳಿಗೆ ಬೈದ ಹಾಗೇ. ಗುಡುಗಿನ ಹೆಸರು ಎತ್ತಲೇಬೇಡಿ, ಕ್ಷಮೆ ಕೇಳೋ ನೆಪದಲ್ಲೂ. ಪಾದರಸಳ ಸುದ್ದಿ ಅವಳು ಬಂದು ಹೇಳಿದ್ರೆ ಹೇಳ್ಲಿ, ಅದು ಅವಳದ್ದು.”

ಮೇಷ್ಟ್ರು ಸಾಮಾನಿನ ಕೋಣೆಯಿಂದ ಎರಡು ಬಟ್ಟೆ ಚೀಲ ತಂದರು. ಎರಡರ ಬಾಯಿಯನ್ನೂ ಕಟ್ಟಿದ್ದರು. ಯಂತ್ರದ ಮೇಲೆ ಒಂದನ್ನಿಟ್ಟರು, ನಾಲ್ಕು ಕಿಲೋ. ಇನ್ನೊಂದನ್ನಿಟ್ಟರು, ಅದೂ ನಾಲ್ಕು ಕಿಲೋ.

“ಒಳಗೇನಿದೆ ಹೇಳಿ.”

ಮಕ್ಕಳು ಪುಸ್ತಕ ಎಂದರು, ಮರಳು ಎಂದರು. ಬಿಚ್ಚಿದಾಗ ಒಂದರಲ್ಲಿ ಕಬ್ಬಿಣದ ಗುಂಡು ಮತ್ತು ಸುತ್ತ ತುರುಕಿದ ಕಾಗದ, ಇನ್ನೊಂದರಲ್ಲಿ ಒತ್ತಿ ಒತ್ತಿ ತುಂಬಿದ ಹಳೆಯ ಬಲೆ.

“ಯಂತ್ರ ಸುಳ್ಳು ಹೇಳಿಲ್ಲ. ಅದಕ್ಕೆ ಇಷ್ಟೇ ಗೊತ್ತು. ಬಿಎಂಐ ಕೂಡ ಇಷ್ಟೇ. ತೂಕ ಗೊತ್ತು, ಎತ್ತರ ಗೊತ್ತು. ಒಳಗಿರೋದು ಸ್ನಾಯುವೋ, ಮೂಳೆಯೋ, ನೀರೋ, ಕೊಬ್ಬೋ ಗೊತ್ತಿಲ್ಲ. ಆರೋಗ್ಯವಾಗಿದ್ದೀರ ಅಂತಲೂ ಗೊತ್ತಿಲ್ಲ, ಕಾಯಿಲೆ ಅಂತಲೂ ಗೊತ್ತಿಲ್ಲ. ನಾನು ಅದನ್ನ ಮಾರ್ಕ್ಸ್ ಥರ ಗೋಡೆಗೆ ಅಂಟಿಸಿದೆ. ಅದೂ ದೊಡ್ಡವರ ಅಳತೆಗೋಲು ಹಿಡಿದು. ಎರಡೂ ತಪ್ಪು. ತಪ್ಪಾಯ್ತು, ಕ್ಷಮಿಸಿ.”

ಮೇಷ್ಟ್ರು ಕ್ಷಮೆ ಕೇಳುವುದನ್ನು ಮಕ್ಕಳು ನೋಡಿದ್ದೇ ಇರಲಿಲ್ಲ. ಆಮೇಲೆ ಒಬ್ಬ ಕೈ ಎತ್ತಿದ. “ಹಾಗಾದ್ರೆ ಯಾಕೆ ಸರ್ ಅಳೀತೀರ?”

ಇದಕ್ಕೆ ಸಿಸ್ಟರ್ ಎದ್ದರು. “ಒಂದು ಸಲ ಅಳೆದ್ರೆ ಸ್ವಲ್ಪವೇ ಗೊತ್ತಾಗುತ್ತೆ. ವರ್ಷ ವರ್ಷ ಅಳೆದ್ರೆ ನೀವು ನಿಮ್ಮದೇ ದಾರಿಯಲ್ಲಿ ಬೆಳೀತಿದ್ದೀರ ಅಥವಾ ದಾರಿ ತಟಕ್ಕನೆ ಬದಲಾಯ್ತಾ ಅಂತ ಗೊತ್ತಾಗುತ್ತೆ. ಬದಲಾದ್ರೆ ಯಾಕೆ ಅಂತ ಕೇಳ್ತೀವಿ. ಉತ್ತರ ಬೇರೆ ಕಡೆ ಹುಡುಕಬೇಕು.”

“ಜಿಮ್ಮಿನಲ್ಲಿ ಕೊಬ್ಬು ಎಷ್ಟು ಪರ್ಸೆಂಟ್ ಅಂತ ಹೇಳೋ ಯಂತ್ರ ಇದೆ ಸಿಸ್ಟರ್, ನಮ್ಮ ಚಿಕ್ಕಪ್ಪ ನಿಂತ್ಕೋತಾರೆ” ಎಂದಳು ಇನ್ನೊಬ್ಬಳು.

“ಅದು ಪಾದದಿಂದ ಸಣ್ಣ ವಿದ್ಯುತ್ ಹರಿಸಿ, ಮೈಯಲ್ಲಿ ನೀರೆಷ್ಟಿದೆ ಅಂತ ನೋಡಿ, ಕೊಬ್ಬನ್ನ ಅಂದಾಜು ಮಾಡುತ್ತೆ. ಚಿಕ್ಕಪ್ಪನಿಗೆ ಓಡಿ ಬೆವರಿದ ಮೇಲೆ ಒಂದು ಸಲ, ಲೋಟ ಲೋಟ ನೀರು ಕುಡಿದು ಒಂದು ಸಲ ನಿಲ್ಲೋಕೆ ಹೇಳು. ಎರಡು ಉತ್ತರ ಬಂದೀತು.”

ನಗು ಎದ್ದಿತು. ಅದು ಅಡಗುವಾಗ ಕಿಟಕಿಯ ಪಕ್ಕದ ಬೆಂಚಿನಿಂದ ಮೆಲ್ಲನೆ ಒಂದು ದನಿ: “ಕೊಬ್ಬು ಇರೋದೇ ತಪ್ಪಲ್ವಾ?” ಯಾರೆಂದು ಹುಡುಕಲು ಸಿಸ್ಟರ್ ತಲೆ ತಿರುಗಿಸಲಿಲ್ಲ.

“ಕೊಬ್ಬಿಲ್ಲದೆ ಮೈ ನಡೆಯಲ್ಲ ಕಂದ. ಮಿದುಳಿಗೆ ಬೇಕು, ನರಕ್ಕೆ ಬೇಕು, ಬೆಚ್ಚಗಿರೋಕೆ ಬೇಕು. ನಿಮ್ಮ ವಯಸ್ಸಿನಲ್ಲಿ ಹುಡುಗಿಯರಿಗೆ ಸೊಂಟ ತೊಡೆ ತುಂಬುತ್ತೆ, ಹುಡುಗರಿಗೆ ಭುಜ ತುಂಬುತ್ತೆ, ಒಬ್ಬರಿಗೆ ಮೊದಲು, ಒಬ್ಬರಿಗೆ ಆಮೇಲೆ. ಅದು ಬೆಳೆಯೋ ರೀತಿ. ತುಂಬ ಹೆಚ್ಚಾದ್ರೂ ತುಂಬ ಕಮ್ಮಿಯಾದ್ರೂ ಮುಂದೆ ತೊಂದರೆ ಆಗಬಹುದು, ಹೌದು. ಅದನ್ನ ನೋಡೋಕೆ ನಾವಿದ್ದೀವಿ. ಊಟ ಬಿಟ್ರೆ ಮೊದಲು ಹೋಗೋದು ಶಕ್ತಿ. ಇನ್ನೊಂದು ಮಾತು, ಯಾರ ಮೈಯ ಅಂಕಿಯನ್ನೂ ಯಾರೂ ಹೆಸರು ಮಾಡಿ ಕರೀಬಾರದು. ಕರೆದವರು ನನ್ನ ಕೋಣೆಗೆ ಬಂದು ಕಾರಣ ಹೇಳಬೇಕು.”

ಹಿಂದಿನ ಬೆಂಚು ಮೇಜನ್ನೇ ನೋಡುತ್ತ ಕೂತಿತ್ತು.

ಗುಡುಗಿನ ಜೊತೆಗಿನ ಮಾತು ಸಿಸ್ಟರ್ ಕೋಣೆಯಲ್ಲಿ, ತಾಯಿಯ ರಜೆಯ ದಿನ ನಡೆಯಿತು. ಕೇಳಬೇಕಾದ್ದನ್ನೆಲ್ಲ ಸಿಸ್ಟರ್ ಮೊದಲೇ ಬಾಗಿಲು ಹಾಕಿಕೊಂಡು ಕೇಳಿ, ಬಿಪಿ ನೋಡಿ ಮುಗಿಸಿದ್ದರು. ಎಲ್ಲ ಸರಿಯಿತ್ತು. ಊಟ ಬಿಟ್ಟದ್ದೊಂದೇ ಚಿಂತೆ. ಅದಕ್ಕೆ ಕೆಲವು ವಾರ ತಪ್ಪದೆ ಬಂದು ಹೋಗಬೇಕು, ಸುಧಾರಿಸದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು ಎಂದಿದ್ದರು. ಆಮೇಲೆ ಮೇಷ್ಟ್ರನ್ನು ಒಳಗೆ ಕರೆದರು.

“ನಿನ್ನ ತಾಯಿ ಹೇಳಿ ಅಂದಿದ್ರು ಅಂತ ಹೇಳ್ತಿಲ್ಲ” ಎಂದರು ಮೇಷ್ಟ್ರು. “ನನಗೆ ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬರೆದೆ. ನಿನ್ನನ್ನ ಎಲ್ಲರ ಮುಂದೆ ನಿಲ್ಲಿಸಿದೆ. ತಪ್ಪು ನಂದು.”

ಗುಡುಗು ಉಗುರು ಕೀಳುತ್ತಿದ್ದಳು. “ನೀವು ಕ್ಷಮೆ ಕೇಳಿದ್ರಿ, ಕ್ಲಾಸಲ್ಲಿ. ಆದ್ರೂ ಅವರು ಮನಸ್ಸಲ್ಲಿ ಹಾಗೇ ಕರೀತಾರೆ ಸರ್.”

ಮೇಷ್ಟ್ರು ಇಲ್ಲ ಎಂದು ಸುಳ್ಳು ಹೇಳಲಿಲ್ಲ. “ಇರಬಹುದು” ಎಂದರು. “ಹೊರಗೆ ಕರೆದದ್ದು ನನ್ನ ಕಿವಿಗೆ ಬಿದ್ರೆ ಮಾತ್ರ ಇನ್ನು ಸುಮ್ನಿರಲ್ಲ.”

ಅವಳು ತಲೆಯಾಡಿಸಿದಳು. ತಾಯಿ ಮಗಳ ಜಡೆಯ ತುದಿ ಸರಿಮಾಡುತ್ತಿದ್ದರು.

ಆ ವರ್ಷದ ಜಿಲ್ಲಾ ಕೂಟಕ್ಕೆ ಗುಡುಗು ಹೋಗಲಿಲ್ಲ. ಹೋಗು ಎಂದು ಮೇಷ್ಟ್ರೂ ಕೇಳಲಿಲ್ಲ. ಗುಂಡು ಎಸೆತಕ್ಕೆ ಶಾಲೆಯಿಂದ ಯಾರೂ ಇಲ್ಲದೆ ಕೂಟ ಮುಗಿಯಿತು. ಪಾದರಸ ಮೂರು ವಾರದ ಮೇಲೆ ಬಂದಳು, ಚೀಲದಲ್ಲಿ ಇನ್ಸುಲಿನ್ ಪೆನ್ನು, ಸಕ್ಕರೆ ನೋಡುವ ಪುಟ್ಟ ಯಂತ್ರ, ತುರ್ತಿಗೆ ಸಿಹಿ. ಬಂದ ದಿನವೇ ತರಗತಿಗೆಲ್ಲ ಬೆರಳು ಚುಚ್ಚಿಕೊಂಡು ತೋರಿಸಿ, ಹೆದರುವವರನ್ನು ಇನ್ನಷ್ಟು ಹೆದರಿಸಿದಳು. ಕೆನ್ನೆ ತುಂಬಿತ್ತು. ಮೇಷ್ಟ್ರ ಬಾಯಿಗೆ ‘ಈಗ ಮೈಕೈ ತುಂಬಿಕೊಂಡು...’ ಎಂಬ ಮಾತು ಬಂದೇ ಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡು, “ಓಡೋಕೆ ಡಾಕ್ಟರು ಏನಂದ್ರು?” ಎಂದು ಕೇಳಿದರು. ಓಡಬಹುದು, ಮೊದಲು ಸಕ್ಕರೆ ನೋಡಿಕೊಳ್ಳಬೇಕು ಎಂದಳು. ಹಾಗಾದರೆ ನೋಡಿಕೋ ಎಂದರು.

ಎರಡು ತಿಂಗಳಾದ ಮೇಲೆ ಒಂದು ಸಂಜೆ, ಅಭ್ಯಾಸ ಮುಗಿಯುವ ಹೊತ್ತಿಗೆ, ಗುಡುಗು ಮೈದಾನದ ಅಂಚಿನಲ್ಲಿ ಬಂದು ನಿಂತಳು. ಮೇಷ್ಟ್ರು ನೋಡಿಯೂ ನೋಡದವರಂತೆ ಮೈದಾನದ ಗುರುತಿನ ಕೋನುಗಳನ್ನು ಒಟ್ಟು ಮಾಡುತ್ತಿದ್ದರು. ಅವಳು ತಾನೇ ಸಾಮಾನಿನ ಕೋಣೆಗೆ ಹೋಗಿ ಗುಂಡು ತಂದು, ವೃತ್ತದೊಳಗೆ ಕಾಲಿಟ್ಟು ಎಸೆದಳು. ಕೂಗು ಹಾಕಲಿಲ್ಲ. ಗುಂಡು ಹಳೆಯ ಗುರುತಿಗಿಂತ ಎರಡು ಮೀಟರ್ ಈಚೆಗೇ ಬಿತ್ತು.

“ಅಳೀಲಾ?” ಎಂದರು ಮೇಷ್ಟ್ರು.

“ಬೇಡ ಸರ್. ಇನ್ನೂ ನಾಲ್ಕು ಎಸೀತೀನಿ.”

ಮೇಷ್ಟ್ರು ಟೇಪನ್ನು ಜೇಬಿಗೆ ಹಾಕಿಕೊಂಡು, ಗುಂಡು ಎತ್ತಿಕೊಡಲು ಅದು ಬಿದ್ದ ಕಡೆಗೆ ನಡೆದರು.